ಕಪ್ಪಾದ ಬಿಲ್ಲು

ಬೆಳಿಗ್ಗೆ ಹಾಲು ಕಾಯಿಸಿದೆ, ಉದ್ದು ನೆನೆಹಾಕಿದೆ, ಅತ್ತೆಯ ಕಣ್ಣಿಗೆ ಔಷಧ ಬಿಟ್ಟೆ, ಮುಳಬಾಗಿಲಿನ ಬಸ್ಸು ಹಿಡಿದೆ. ಕಾಲೇಜಿನಲ್ಲಿ ವಾಣಿಜ್ಯದ ಮಕ್ಕಳಿಗೆ ವರ್ಕ್‌ಶೀಟ್ ಹಂಚಿದೆ. ಹೋಟೆಲ್ ಊಟಕ್ಕೆ ನೂರಕ್ಕೆ ಐದು ರೂಪಾಯಿ ತೆರಿಗೆ. ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ. ಮನೆಯಿಂದ ತಂದ ನಿಜವಾದ ಬಿಲ್ಲೊಂದನ್ನು ಪಕ್ಕದಲ್ಲಿ ಅಂಟಿಸಿ ಲೆಕ್ಕ ತುಂಬಬೇಕು.

"ಮಿಸ್, ನಾವು ಆಂಧ್ರಾದಲ್ಲಿ ತಿಂದ್ರೂ ಕರ್ನಾಟಕದೋರೇ ಅಲ್ವಾ? ರಾಜ್ಯದ ಪಾಲು ನಮ್ಗೇ ಬರ್ಬೇಕು" ಎಂದ ಒಬ್ಬ ಹುಡುಗ.

"ಎಲ್ಲಿ ಕೂತು ತಿಂದ್ಯೋ ಆ ರಾಜ್ಯಕ್ಕೆ ಕಣೋ. ನಿನ್ನ ಹೊಟ್ಟೆ ಎಲ್ಲೀದು ಅಂತ ಯಾರೂ ಕೇಳಲ್ಲ."

ಎಲ್ಲರೂ ನಕ್ಕರು, ಕಿಟಕಿ ಬಳಿಯ ಹುಡುಗಿ ಒಬ್ಬಳನ್ನು ಬಿಟ್ಟು. ಅವಳ ಬಿಲ್ಲು ಅಕ್ಷರ ಅಳಿಸಿ ಪೂರ್ತಿ ಬಿಳಿಚಿತ್ತು. ಹರಿಯದಿರಲೆಂದು ಎಲ್ಲಕ್ಕಿಂತ ಮೊದಲು ಅದನ್ನೇ ಲ್ಯಾಮಿನೇಷನ್ ಯಂತ್ರಕ್ಕೆ ಹಾಕಿದೆ. ಬಿಸಿ ತಗುಲಿದರೆ ಆ ಕಾಗದ ಕಪ್ಪಾಗುತ್ತದೆಂದು ನನಗೆ ಹೊಳೆಯಲೇ ಇಲ್ಲ.

ಹೊರಬಂದದ್ದು ಇದ್ದಿಲಿನಂಥ ಹಾಳೆ. "ಅಯ್ಯೋ, ಏನ್ ಮಾಡ್ಬಿಟ್ಟೆ!" ಎಂದೆ. ಅವಳು ಕಪ್ಪನ್ನೇ ನೋಡುತ್ತಿದ್ದಳು. ನಾನೂ ಬಗ್ಗಿದೆ. ಅಳಿಸಿಹೋಗಿದ್ದ ಅಕ್ಷರಗಳು ಕಪ್ಪಿನೊಳಗಿಂದ ಬೂದುಬಣ್ಣದಲ್ಲಿ ಮೇಲೇಳುತ್ತಿದ್ದವು. ಊಟ ಎರಡು, ಇನ್ನೂರ ನಲವತ್ತು. ಕೇಂದ್ರಕ್ಕೆ ಆರು, ರಾಜ್ಯಕ್ಕೆ ಆರು. ಒಟ್ಟು ಇನ್ನೂರ ಐವತ್ತೆರಡು.

"ಅಪ್ಪನ ಅಂಗಿ ಜೇಬಲ್ಲಿತ್ತು ಮಿಸ್. ಆ ಅಂಗಿ ಹಾಕ್ಕೊಂಡ ದಿನ ಕೋಲಾರದ ತರಕಾರಿ ಮಂಡಿಗೆ ಹೋಗಿದ್ದೆ ಅಂದಿದ್ರು. ಮಾರನೇ ದಿನ ಮತ್ತೆ ಅಲ್ಲಿಗೇ ಅಂತ ಹೋದೋರು ಇನ್ನೂ ಬಂದಿಲ್ಲ. ಪೊಲೀಸ್ ಸ್ಟೇಷನ್ನಲ್ಲಿ ಕೋಲಾರ ಅಂತಲೇ ಬರೆಸಿದೀವಿ, ಅಲ್ಲೇ ಹುಡುಕ್ತಾ ಇದಾರೆ."

ನನ್ನ ಕಣ್ಣು ಹೋಟೆಲಿನ ಜಿಎಸ್‌ಟಿ ಸಂಖ್ಯೆಯ ಮೊದಲೆರಡು ಅಂಕಿಗಳ ಮೇಲೆ ನಿಂತಿತು. ಕರ್ನಾಟಕದ್ದಾದರೆ ಇಪ್ಪತ್ತೊಂಬತ್ತು ಇರಬೇಕಿತ್ತು. ಇದ್ದದ್ದು ಮೂವತ್ತೇಳು, ಆಂಧ್ರದ್ದು. ಹಾಳೆ ಇನ್ನೂ ಬಿಸಿಯಾಗಿತ್ತು, ಕಪ್ಪು ಗಾಢವಾಗುತ್ತಿತ್ತು.

"ಬೇಗ ಓದಮ್ಮ, ಬರ್ಕೊತೀನಿ."

ಅವಳು ಒಂದೊಂದೇ ಹೇಳಿದಳು. ಕೊನೆಯದಾದ ಹದಿನೈದನೆಯ ಅಕ್ಷರ ಬರೆದು ತಲೆಯೆತ್ತಿದಾಗ ಹಾಳೆಯಲ್ಲಿ ಏನೂ ಉಳಿದಿರಲಿಲ್ಲ.

ಸಂಖ್ಯೆಯನ್ನು ಫೋನಿನಲ್ಲಿ ತೆರಿಗೆ ಇಲಾಖೆಯ ಜಾಲತಾಣಕ್ಕೆ ಹಾಕಿದರೆ ಹೋಟೆಲಿನ ಹೆಸರು, ವಿಳಾಸ ಬಂತು. ಗಡಿಯಾಚೆಯ ಪಲಮನೇರು. ಕೋಲಾರಕ್ಕೆ ತದ್ವಿರುದ್ಧ ದಿಕ್ಕು.

ಅವಳ ಅಮ್ಮನಿಗೆ ಫೋನ್ ಮಾಡಿದೆ. ಬಿಲ್ಲಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. "ಆ ಕಡೆ ನಮ್ಗೆ ಯಾರೂ ಇಲ್ವಲ್ಲ ಮಿಸ್... ಎರಡೂಟ ಅಂದ್ರಾ? ಇನ್ನೊಬ್ರು ಯಾರು?"

ಮಧ್ಯಾಹ್ನ ಮೂವರೂ ಸ್ಟೇಷನ್ನಿಗೆ ಹೋದೆವು. ಸಂಖ್ಯೆ, ವಿಳಾಸ ಎರಡನ್ನೂ ದೂರಿಗೆ ಸೇರಿಸಿಕೊಂಡರು. ನಾಳೆ ಪಲಮನೇರಿಗೆ ಒಬ್ಬರನ್ನು ಕಳಿಸುತ್ತೇವೆಂದರು. ಬರುವಾಗ ಹುಡುಗಿ ಆ ಕಪ್ಪು ಹಾಳೆಯನ್ನು ನನಗೆ ಕೊಡಲಿಲ್ಲ, ಎದೆಗೆ ಒತ್ತಿಕೊಂಡಿದ್ದಳು.

ರಾತ್ರಿ ಮನೆಯಲ್ಲಿ ಮುದ್ದೆ, ಬಸ್ಸಾರು. ಬಡಿಸುವಾಗಲೂ ಆ ಎರಡನೇ ಊಟ ಯಾರದೆಂಬುದೇ ತಲೆಯಲ್ಲಿತ್ತು. ಎಲ್ಲರಿಗಿಂತ ಮೊದಲು ಅತ್ತೆ ಮಲಗಿದರು.