ಎರಡು ಬಾರಿ ಹೋಗಬಾರದ ಅರ್ಜಿ

ಭಾಗ್ಯನಗರದ ಮೆಹಜಬೀನ ಮದುವೆಗೆ ಮುಂಚೆ ವಿಗ್ಗಿಗೆ ಕೂದಲು ಸಿದ್ಧಮಾಡುವ ಕಾರ್ಖಾನೆಯಲ್ಲಿ ಗಂಟು ಬಿಡಿಸುವ ಕೆಲಸ ಮಾಡುತ್ತಿದ್ದಳು. ಆಮೇಲೆ ಕಂಪ್ಯೂಟರ್ ಕಲಿತು, ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ಇಟ್ಟಳು. ಹೆಸರಿನಲ್ಲಿ ಒಂದಕ್ಷರ ಅನುಮಾನವಾದರೂ ಮುಂದಿನ ಪುಟಕ್ಕೆ ಹೋಗುವವಳಲ್ಲ.

ಅಂಥವಳೂ ಒಮ್ಮೆ ಎಡವಿದ್ದಳು. ಡ್ರೈವರ್ ಕೆಲಸಕ್ಕೆಂದು ಅದೇ ಓಣಿಯ ಕಳಕಪ್ಪನ ಅರ್ಜಿ ಕಳಿಸುವಾಗ ಪುಟ ನಿಂತುಹೋಗಿತ್ತು. ರಿಫ್ರೆಶ್ ಒತ್ತಿದಳು. ಪರದೆಯ ಮೇಲೆ ಪುಟ್ಟ ಪೆಟ್ಟಿಗೆಯೊಂದು ಎದ್ದು ಏನೋ ಕೇಳಿತು. ಓದದೆ ‘ಕಂಟಿನ್ಯೂ’ ಒತ್ತಿಬಿಟ್ಟಳು. ಒಂದೇ ಹೆಸರಿನಲ್ಲಿ ಎರಡು ಅರ್ಜಿ ಹೋದವು, ಎರಡೂ ರದ್ದಾದವು. ಕಳಕಪ್ಪ ಜಗಳವಾಡಲಿಲ್ಲ. ಆದರೆ ಅಂದಿನಿಂದ ಅವಳ ಅಂಗಡಿಯ ಮುಂದೆ ಹಾಯುವಾಗ ತಲೆ ಎತ್ತುತ್ತಿರಲಿಲ್ಲ.

ಈ ಜೂನ್‌ನಲ್ಲಿ ಹುಲಿಗಿಯಿಂದ ಹೊಳಿಯಮ್ಮ ಬಂದಳು. ಗಂಡ ತೀರಿಕೊಂಡ ಮೇಲೆ ಕೂಲಿ ಮಾಡಿಕೊಂಡೇ ಪಿಯುಸಿ ಮುಗಿಸಿದ ಹೆಂಗಸು. ಟ್ರಸ್ಟೊಂದರ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆಯ ತರಬೇತಿ ಇತ್ತು. ವಯಸ್ಸಿನ ಮಿತಿ ಅವಳಿಗೆ ಈ ವರ್ಷಕ್ಕೇ ಮುಗಿಯುತ್ತಿತ್ತು. ಜಾತಿ ಪ್ರಮಾಣಪತ್ರ ಕೈಗೆ ಬಂದದ್ದೇ ಕೊನೆಯ ದಿನ ಮಧ್ಯಾಹ್ನ. ಸಂಜೆ ಐದಕ್ಕೆ ಅರ್ಜಿ ಬಂದ್. ಒಬ್ಬರಿಂದ ಎರಡು ಅರ್ಜಿ ಬಂದರೆ ಎರಡನ್ನೂ ತೆಗೆದುಹಾಕುತ್ತೇವೆಂದು ಪ್ರಕಟಣೆಯಲ್ಲಿ ಬರೆದಿತ್ತು.

ನಾಲ್ಕು ಐವತ್ತೆರಡಕ್ಕೆ ಮೆಹಜಬೀನ ‘ಸಲ್ಲಿಸು’ ಒತ್ತಿದಳು. ಮುಂದಿನ ಪುಟ ಅರ್ಧ ಬಂದು ಬೆಳ್ಳಗೆ ನಿಂತಿತು. ಅರ್ಜಿ ಸಂಖ್ಯೆ ಇಲ್ಲ, ಏನೂ ಇಲ್ಲ. ಕೈ ತಾನಾಗಿ ರಿಫ್ರೆಶ್ ಕಡೆ ಹೋಯಿತು. ಅದೇ ಪೆಟ್ಟಿಗೆ ಎದ್ದಿತು. ಈ ಸಲ ಓದಿದಳು: ಈ ಪುಟ ಮತ್ತೆ ತೆರೆಯಬೇಕಾದರೆ ತುಂಬಿದ ವಿವರ ಮತ್ತೊಮ್ಮೆ ಹೋಗುತ್ತದೆ, ಮಾಡಿದ ಕೆಲಸ ಎರಡನೇ ಸಲ ಆಗಬಹುದು, ಮುಂದುವರಿಯಲೇ?

ಹೊಳಿಯಮ್ಮ ಗೋಡೆಯ ಗಡಿಯಾರ ನೋಡುತ್ತಿದ್ದಳು. “ಒತ್ತಿಬಿಡ್ರಿ ಮೇಡಂ. ಹೋಗಿರ್ಲಿಲ್ಲಂದ್ರ ಏನ್ ಮಾಡೂದು?”

“ಹೋಗಿದ್ರ ಎರಡಾಗ್ತಾವ ಅಕ್ಕಾ. ಎರಡಾದ್ರ ಒಂದೂ ಉಳಿಯಂಗಿಲ್ಲ.”

ಮೆಹಜಬೀನ ‘ಕ್ಯಾನ್ಸಲ್’ ಒತ್ತಿ, ಹೊಸ ಟ್ಯಾಬಿನಲ್ಲಿ ಅದೇ ಜಾಲತಾಣ ತೆರೆದಳು. ಲಾಗಿನ್ ಪುಟವೇ ತೆವಳುತ್ತ ಬಂತು. ಪಾಸ್‌ವರ್ಡ್ ಮೊದಲ ಸಲ ತಪ್ಪಿತು. ನಾಲ್ಕು ಐವತ್ತೇಳು. ಹೋಗಿಲ್ಲವೆಂದು ಗೊತ್ತಾದರೆ ಮತ್ತೆ ತುಂಬಲು ಮೂರು ನಿಮಿಷ ಸಾಲದು, ಅದು ಅವಳಿಗೆ ಗೊತ್ತಿತ್ತು. ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ನೋಡಿ ಮತ್ತೆ ಒತ್ತಿದಳು.

‘ನನ್ನ ಅರ್ಜಿಗಳು’ ಎಂಬಲ್ಲಿ ಚಕ್ರ ತಿರುಗುತ್ತಲೇ ಇತ್ತು. ಕೊನೆಗೆ ಒಂದೇ ಒಂದು ಸಾಲು ಮೂಡಿತು: ಹೊಳಿಯಮ್ಮ, ಸ್ವೀಕರಿಸಲಾಗಿದೆ, ಸಮಯ ನಾಲ್ಕು ಐವತ್ತೆರಡು.

“ಮೊದಲ್ನೇ ಸಲಕ್ಕೇ ಹೋಗೈತಿ” ಎಂದಳು ಮೆಹಜಬೀನ. ಅರ್ಜಿ ಸಂಖ್ಯೆ ಇದ್ದ ಪುಟವನ್ನು ಪ್ರಿಂಟ್ ತೆಗೆದಳು.

ಹೊಳಿಯಮ್ಮ ಆ ಸಂಖ್ಯೆಯನ್ನು ಎರಡು ಸಲ ಓದಿಸಿಕೊಂಡಳು. ಪ್ರಿಂಟನ್ನು ಸೆರಗಿನಡಿ ಹಿಡಿದು ಬಸ್ಸಿಗೆ ನಡೆದಳು. ಆಗಸ್ಟ್‌ನಲ್ಲಿ ಅವಳಿಗೆ ತರಬೇತಿಯ ಕರೆ ಬಂತು.