ತೂತಿಲ್ಲದ ಸಾಣಿಗೆ

ಕುಂಭಾರಿಯ ಸಾರಿಕಾಗೆ ಸೋಲಾಪುರದ ಸಾತಲಿಂಗಪ್ಪನ ಸ್ಟೀಲ್ ಭಾಂಡಿ-ಪಾತ್ರೆಗಳ ಅಂಗಡಿಯಲ್ಲಿ ಏನು ಕೆಲಸ ಎಂದು ಕೇಳಿದರೆ ಅವಳ ಅತ್ತೆ ಮನೆಯವರಿಗೆ ಇಂದಿಗೂ ಹೇಳಲು ಬಾರದು. ಕಂಪ್ಯೂಟರಿಗೆ ಹುಕುಂ ಬರೆಯುತ್ತಾಳೆ, ಅದು ಫೋಟೋ ಮಾಡಿಕೊಡುತ್ತದೆ. ಇದಕ್ಕೂ ಪಗಾರವೇ ಎಂದು ಮಾವ ನಗುತ್ತಾರೆ. ನಗಲಿ ಬಿಡಿ. ಏನಾದರೂ ಎಡವಟ್ಟಾದರೆ ಸಾಕು, ನೌಕರಿ ಬಿಡಿಸಿ ಹೊಲಕ್ಕೆ ಕರೆದುಕೊಳ್ಳಲು ಅವರು ತುದಿಗಾಲಲ್ಲಿ ನಿಂತಿದ್ದರು. ಈ ಭಯ ಅವಳೊಂದಿಗೆ ದಿನಾಲೂ ಬಸ್ಸು ಹತ್ತುತ್ತಿತ್ತು.

ಹುಕುಂ ಬರೆಯುವುದು ಮಾವ ತಿಳಿದಷ್ಟು ಸಸಾರವೂ ಅಲ್ಲ. ಆನ್‌ಲೈನ್ ಮಾರುಕಟ್ಟೆಯವರಿಗೆ ಮೊದಲ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿಯೇ ಆಗಬೇಕು, ಭಾಂಡಿಯ ಹೊರತು ಬೇರೇನೂ ಕಾಣಕೂಡದು. ಸ್ಟೀಲನ್ನು ಬಿಳಿಯ ಮೇಲಿಟ್ಟರೆ ಅಂಚೇ ಕರಗಿಹೋಗುತ್ತದೆ. ಭಾಂಡಿಯ ಹೊಟ್ಟೆಯ ಮೇಲೆ ಫೋಟೋ ತೆಗೆದವಳ ಮುಖ ಮೂಡುತ್ತದೆ. ಹಾಗಾಗಿ ಸಾರಿಕಾ ಫೋನಿನಲ್ಲಿ ತೆಗೆದ ಚಿತ್ರವನ್ನು ಕೊಟ್ಟು, ತನ್ನ ಹರುಕು ಮುರುಕು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು: ಹಿನ್ನೆಲೆ ಪೂರ್ತಿ ಬಿಳಿ ಇರಲಿ, ಅಂಚು ಎದ್ದು ಕಾಣಲು ಎರಡೂ ಬದಿಗೆ ತೆಳು ಕಪ್ಪು ಛಾಯೆ ಇರಲಿ, ಮನುಷ್ಯರ ಪ್ರತಿಬಿಂಬ ತೆಗೆ, ಆಕಾರ ಬದಲಿಸಬೇಡ.

ಕೊನೆಗೆ ಇನ್ನೊಂದು ಸಾಲು ಸೇರಿದ್ದು ಸಾತಲಿಂಗಪ್ಪನ ತಾಯಿ ಶಾರದಾಬಾಯಿಯ ದೆಸೆಯಿಂದ. "ಖಾಲಿ ಭಾಂಡಿ ಮಂದಿಗೆ ತೋರಸಬಾರದವಾ, ಚಲೋ ಅಲ್ಲ" ಎಂದು ಮುದುಕಿ ಪ್ರತಿಯೊಂದರಲ್ಲೂ ಹಿಡಿ ಜೋಳ ಹಾಕಿಯೇ ಫೋಟೋಕ್ಕೆ ಕೊಡುತ್ತಿದ್ದಳು. ಮಾಲಕರ ತಾಯಿಗೆ ಎದುರಾಡುವವರಾರು? ಸಾರಿಕಾ ಹುಕುಮಿನಲ್ಲೇ ಉಪಾಯ ಹುಡುಕಿದಳು: ಒಳಗಿನ ಕಾಳೆಲ್ಲ ತೆಗೆ, ತಳ ನುಣುಪಾಗಿ ಕಾಣಲಿ. ಎಲ್ಲ ಭಾಂಡಿಗೂ ಅದನ್ನೇ ಅಂಟಿಸಿದಳು.

ಅಂದು ಬೆಳಿಗ್ಗೆ ಬಂದವಳೇ ಕಂಪ್ಯೂಟರ್ ತೆರೆದಳು. ಹಿಟ್ಟು ಜರಡಿ ಹಿಡಿಯುವ ಸಾಣಿಗೆಯ ಮಾರಾಟವನ್ನು ಮಾರುಕಟ್ಟೆಯವರು ನಿಲ್ಲಿಸಿದ್ದರು. ಚಿತ್ರ ನೋಡಿ ತಾಟು ಎಂದು ತಿಳಿದು ತರಿಸಿಕೊಂಡವರು ತಿರುಗಿ ಕಳಿಸಿದ್ದಾರೆ; ಇಂಥದ್ದು ಇನ್ನೊಮ್ಮೆ ಆದರೆ ಅಂಗಡಿಯ ಖಾತೆಯೇ ಬಂದ್ ಎಂದು ಬರೆದಿದ್ದರು. ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಥಳಥಳ ಹೊಳೆಯುವ ಸಾಣಿಗೆ, ಒಂದೂ ತೂತಿಲ್ಲ! ಕಾಳಿನ ಜೊತೆ ತೂತನ್ನೂ ಕಂಪ್ಯೂಟರ್ ಒರೆಸಿ ಹಾಕಿತ್ತು. ಅಂಚು ಕರಗಿಲ್ಲ, ಹಿನ್ನೆಲೆ ಬಿಳಿ ಇದೆ ಎಂದಷ್ಟೇ ನೋಡಿ ಅವಳು ಮುಂದೆ ಹೋಗಿದ್ದಳು.

ಮತ್ತೆ ಬರೆದಳು: ಇದು ಸಾಣಿಗೆ, ತೂತು ಹಾಗೇ ಇರಲಿ. ತೂತೇನೋ ಬಂದವು, ಒಂದು ದೊಡ್ಡದು, ಒಂದು ಸಣ್ಣದು, ಅಂಚಿನಲ್ಲಂತೂ ಒಂದರೊಳಗೊಂದು ಕೂಡಿಕೊಂಡು. ಕಾಳಿನ ಕೆಳಗೆ ಮುಚ್ಚಿಹೋದದ್ದನ್ನು ಅದು ತನ್ನ ಮನಸ್ಸಿಗೆ ಬಂದಂತೆ ಹುಟ್ಟಿಸುತ್ತಿತ್ತು. ಅಷ್ಟರಲ್ಲಿ ಅವಳಿಗೆ ಇನ್ನೊಂದು ನೆನಪಾಯಿತು. ತರಕಾರಿ ತೊಳೆಯುವ ತೂತಿನ ಬುಟ್ಟಿ! ತೆರೆದು ನೋಡಿದರೆ ಅದೂ ನುಣ್ಣನೆಯ ಬೋಗುಣಿ. ಹಿಟ್ಟು ನಾದಲು ಚಲೋ ಎಂದು ಮಂದಿ ಮುಗಿಬಿದ್ದಿದ್ದರು. ಪಾರ್ಸಲ್ಲುಗಳು ಬಾಗಿಲಲ್ಲೇ ರಾಶಿಯಾಗಿದ್ದವು, ಕುರಿಯರ್ ಗಾಡಿ ಬರುವ ಹೊತ್ತು.

ಸುಮ್ಮನಿದ್ದರೆ ಇವತ್ತಿನ ಮಟ್ಟಿಗೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ನೌಕರಿ ಇವತ್ತೇ ಹೋದೀತು. ಬೀಗರ ಮನೆಯ ಮದುವೆಗೆಂದು ಅಕ್ಕಲಕೋಟೆಗೆ ಹೋಗಿದ್ದ ಸಾತಲಿಂಗಪ್ಪನಿಗೆ ಫೋನು ಹಚ್ಚಿದಳು.

"ಮಾಲಕರ, ಬುಟ್ಟಿ ಪಾರ್ಸಲ್ ಕಳಸೂದು ಬ್ಯಾಡ್ರಿ. ಫೋಟೋದಾಗ ತೂತ ಇಲ್ಲರಿ. ಹುಕುಂ ಬರಿಯೂದ್ರಾಗ ನಂದ ಚೂಕ್ ಆಗೇದರಿ. ಸಾಣಿಗೀದೂ ಹಂಗ ಆಗಿ, ಬಂದ್ ಮಾಡ್ಯಾರರಿ."

"ಎಷ್ಟ ದಿನದಿಂದ ಹಿಂಗ ಬರ್ಯಾಕತ್ತೀ?"

"ಮೊದಲಿಂದರಿ. ಅವ್ವಾರು ಕಾಳ ಹಾಕ್ತಾರಲ್ರಿ, ಅದನ್ನ ತಗಿ ಅಂತ ಬರದಿದ್ದೆ. ನಿಮಗ ಹೇಳಾಕ ಅಂಜಿದೆರಿ."

ಮುಗಿಯಿತು ಎಂದುಕೊಂಡಳು. ಮಾವನ ನಗು ಕಣ್ಣ ಮುಂದೆ ಬಂತು.

"ಆರ್ಡರ್ ಕ್ಯಾನ್ಸಲ್ ಮಾಡಿದ್ರ ರೇಟಿಂಗ್ ಬೀಳತದ" ಎಂದ ಸಾತಲಿಂಗಪ್ಪ. "ಬೀಳಲಿ. ಕಳಿಸಿದ್ರ ಖಾತೇನ ಹೋಗತದ. ಎಲ್ಲಾ ಒಳಗ ತಗೊಂಡ ಇಡು. ಎರಡೂ ಹಳೇ ಫೋಟೋ ಅಳಸಿ ಹಾಕು."

"ಮತ್ತ ನಾನ್ರಿ?"

"ನೀ ಏನು? ಫೋಟೋಕ್ಕ ಇನ್ನ ಖಾಲಿ ಭಾಂಡಿ ಇಡು."

"ಅವ್ವಾರು ಬಿಡಂಗಿಲ್ರಿ."

ಶಾರದಾಬಾಯಿ ಬೆನ್ನ ಹಿಂದೆಯೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತ ನಿಂತಿದ್ದಳು. ಸಾರಿಕಾಳ ಕೈಯಿಂದ ಫೋನು ಕಿತ್ತುಕೊಂಡು, "ಏ ತಮ್ಮಾ, ಇಷ್ಟ ದಿನ ನನಗ್ಯಾಕ ಯಾರೂ ಹೇಳಲಿಲ್ಲೋ?" ಎಂದು ಮಗನನ್ನೇ ಗದರಿದಳು. "ನಿಮಗ ನಾ ಅಷ್ಟ ಅಂಜಿಕಿ ಹಾಕೀನೇನು?"

"ಇಲ್ಲಿ ಊಟಕ್ಕ ಕರ್ಯಾಕತ್ತಾರವಾ" ಎಂದು ಸಾತಲಿಂಗಪ್ಪ ಫೋನು ಇಟ್ಟ. ಹೌದೆನ್ನಲು ಮಗನಿಗೂ ಧೈರ್ಯವಿರಲಿಲ್ಲ.