ಎಂಟನೆಯ ಭಾನುವಾರದ ಮೂರನೆಯ ಕಂತು

ಶಹಾಪುರದ ಹತ್ತಿರದ ಕಾಲುವೆ ಕ್ಯಾಂಪಿನಲ್ಲಿ ಯಂಕಣ್ಣ ಟ್ರೇಸರ್ ಆಗಿದ್ದ. ಎಂಜಿನಿಯರರು ಬರೆದ ವಿತರಣಾ ಕಾಲುವೆಗಳ ನಕ್ಷೆಯನ್ನು ತೆಳು ಹಾಳೆಯ ಮೇಲೆ ಶಾಯಿಯಲ್ಲಿ ನಕಲಿಳಿಸುವುದು ಅವನ ಕೆಲಸ. ಆದರೆ 1996ರ ಸುಮಾರಿಗೆ ಕ್ಯಾಂಪಿನವರಿಗೆ ಅವನು ಬೇಕಾಗುತ್ತಿದ್ದುದು ಬೇರೆ ಕಾರಣಕ್ಕೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತಿದ್ದ ‘ಕೋಟೆಬಾಗಿಲ ಠಾಣೆ’ ಎಂಬ ಪತ್ತೇದಾರಿ ಧಾರಾವಾಹಿಯ ಪ್ರತಿ ಕಂತನ್ನೂ ಅವನು ತಾರೀಕು ಸಮೇತ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದ. ಒಂದು ವಾರ ತಪ್ಪಿಸಿಕೊಂಡವರು ಅವನ ಮನೆಗೇ ಬರಬೇಕಿತ್ತು.

ಎಂಟನೆಯ ಭಾನುವಾರ ಒಂದು ಎಡವಟ್ಟಾಯಿತು. ಧಾರಾವಾಹಿಯಲ್ಲಿ ಪೊಲೀಸ್ ಜೀಪಿನ ಚಾಲಕ ನಾಗೇಶಿ ಠಾಣೆಗೆ ಬಂದು, “ಇವತ್ತೇ ಕೆಲಸಕ್ಕೆ ಸೇರಿದೆ ಸರ್” ಎಂದು ಸೆಲ್ಯೂಟ್ ಹೊಡೆದ. ಮೂರನೆಯ ವಾರದಿಂದಲೂ ಜೀಪು ಓಡಿಸುತ್ತಿದ್ದವನು ಅವನೇ. ಯಂಕಣ್ಣ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ‘ತಯಾರಕರ ಮರೆವು’ ಎಂದು ಬರೆದ.

ಮರುದಿನ ಕಚೇರಿಯ ಜವಾನ ಹುಲಗಪ್ಪ ಬೇರೆ ಮಾತು ತಂದ. “ಮರೆವಲ್ಲಂತ್ರಿ. ಅದು ಮೂರನೇದಾಗಿ ತಯಾರಾದ ಕಂತಂತ. ಮಲ್ಲಿಕಮ್ಮ ಅಕ್ಕೋರು ಹೇಳ್ಯಾರ.”

ಮಲ್ಲಿಕಮ್ಮ ಸುರಪುರದಿಂದ ಕ್ಯಾಂಪ್ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿ. ಕಂತು ಮುಗಿದು ಹೆಸರುಗಳೆಲ್ಲ ಸರಿದ ಮೇಲೆ ತೆರೆಯ ಕೆಳತುದಿಯಲ್ಲಿ ಮೂರಂಕಿಯ ಸಂಖ್ಯೆಯೊಂದು ಸಣ್ಣದಾಗಿ ಬರುತ್ತದೆ, ಅದು ತಯಾರಿಕೆ ಸಂಖ್ಯೆ ಎಂದು ಆಕೆ ಗುರುತಿಸಿದ್ದಳು. ಮೊದಲ ಅಂಕಿ ಎಷ್ಟನೆಯ ಸರಣಿ, ಉಳಿದೆರಡು ಆ ಸರಣಿಯಲ್ಲಿ ಎಷ್ಟನೆಯದಾಗಿ ತಯಾರಾದದ್ದು. 101, 102 ಆದ ಮೇಲೆ ಬಂದದ್ದು 104. ಆಮೇಲೆ 105ರಿಂದ 108. ಎಂಟನೆಯ ವಾರ 103. ಅದರ ಧ್ವನಿಯ ಕೆಲಸ ತಡವಾಗಿದ್ದೀತು, ಅದಕ್ಕೆ ಹಿಂದಕ್ಕೆ ಹೋಗಿದೆ ಎಂದು ಆಕೆಯ ಊಹೆ.

ಯಂಕಣ್ಣನ ಹಳೆಯ ಟಿವಿ ಚಿತ್ರದ ಅಂಚನ್ನು ಕತ್ತರಿಸಿ ತೋರಿಸುತ್ತಿತ್ತು. ಅವನು ಒಂದು ಅಂಕಿಯನ್ನೂ ಕಂಡಿರಲಿಲ್ಲ. “ಇಲ್ಲದ್ದು ಹುಟ್ಟಿಸ್ಯಾಳ,” ಎಂದ ಹೆಂಡತಿ ಹನುಮಮ್ಮನಿಗೆ. ಅವನ ಜಗಲಿಗೆ ಬರುತ್ತಿದ್ದವರು ಈಗ ಶಿಕ್ಷಕಿಯ ಬಾಗಿಲಿಗೆ ಹೋಗುತ್ತಿದ್ದರು. ಅಲ್ಲಿಂದ ಬರುವ ನಗು ಕೇಳಿದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಸರಣಿ ಮುಗಿಯುತ್ತ ಬಂದಾಗ ವಾರಪತ್ರಿಕೆಯೊಂದು ಓದುಗರಿಂದ ಕಂತುಗಳ ಕೈಪಿಡಿಯನ್ನು ಆಹ್ವಾನಿಸಿತು. ಮಲ್ಲಿಕಮ್ಮ ತನ್ನ ನೋಟ್‌ಬುಕ್ ಹಿಡಿದು ಯಂಕಣ್ಣನ ಮನೆಗೇ ಬಂದಳು.

“ನಿಮ್ಮ ಅಕ್ಷರ ಅಚ್ಚಿನಂಗ ಅದಾವಂತ. ಇದೊಂದು ಚೊಕ್ಕ ಮಾಡಿ ಬರದು ಕೊಡ್ತೀರೇನ್ರಿ?”

“ಕೊಡ್ರಿ, ಬರೀತೀನಿ,” ಎಂದ.

ಆಕೆಯ ಪಟ್ಟಿಯಲ್ಲಿ ಪ್ರಸಾರದ ಕ್ರಮ ಒಂದು ಕಾಲಂ, ತಯಾರಿಕೆ ಸಂಖ್ಯೆ ಇನ್ನೊಂದು. ಯಂಕಣ್ಣ ಮೂರನೆಯ ಸಾಲಿಗೆ ಬಂದು ಲೇಖನಿ ನಿಲ್ಲಿಸಿದ. ನಂತರ 104 ಇದ್ದಲ್ಲಿ 103 ಬರೆದ, ಅದರ ಕೆಳಗೆ 104, 105 ಎಂದು ಇಳಿಸುತ್ತ ಹೋಗಿ ಎಂಟನೆಯ ಸಾಲಿಗೆ 108 ಬರೆದ. ತಪ್ಪು ತಿದ್ದುತ್ತಿದ್ದೇನೆ ಎಂದು ತನಗೇ ಹೇಳಿಕೊಂಡ. ಹಾಳೆ ಮಡಚಿ ಮಲ್ಲಿಕಮ್ಮನಿಗೆ ಕೊಟ್ಟ. ಆಕೆ ನಂಬಿಕೆಯಿಂದ ಬಿಡಿಸಿ ನೋಡದೆ ಲಕೋಟೆಗೆ ಹಾಕಿದಳು.

ಕೈಪಿಡಿ ಅಚ್ಚಾಯಿತು. ಎರಡು ವಾರಕ್ಕೆ ರಾಯಚೂರಿನ ಓದುಗರೊಬ್ಬರ ಪತ್ರವೂ ಅಚ್ಚಾಯಿತು: ಸೇರುವುದಕ್ಕೆ ಮುಂಚೆಯೇ ಚಾಲಕ ಜೀಪು ಓಡಿಸಿದ್ದು ಹೇಗೆ, ತಯಾರಿಕೆ ಸಂಖ್ಯೆಯನ್ನು ಲೇಖಕಿ ನೋಡಿದ್ದಾರೆಯೇ? ಕ್ಯಾಂಪಿನಲ್ಲಿ ನಕ್ಕರು. ಮಲ್ಲಿಕಮ್ಮ ಯಾರ ಹೆಸರನ್ನೂ ಹೇಳಲಿಲ್ಲ. ಯಂಕಣ್ಣನ ಜಗಲಿಗೆ ಜನ ಮತ್ತೆ ಬಂದರು. ಅವನಿಗೆ ಹಿತವಾಯಿತು.

ಬೇಸಿಗೆಯಲ್ಲಿ ಧಾರಾವಾಹಿ ಮರುಪ್ರಸಾರವಾಯಿತು, ಈ ಸಲ ತಯಾರಿಕೆಯ ಕ್ರಮದಲ್ಲಿ. ಮೂರನೆಯ ವಾರ ಮನೆಯ ಕರೆಂಟಿನ ತಕರಾರಿನಿಂದ ಯಂಕಣ್ಣ ಕ್ಯಾಂಪ್ ಕ್ಲಬ್ಬಿನ ಬಣ್ಣದ ಟಿವಿಯ ಮುಂದೆ ಕುಳಿತಿದ್ದ. ನಾಗೇಶಿ ಬಂದು ಸೆಲ್ಯೂಟ್ ಹೊಡೆದ. ಹೆಸರುಗಳೆಲ್ಲ ಸರಿದವು. ಕೆಳತುದಿಯಲ್ಲಿ ಬಿಳಿ ಅಂಕಿ: 103.

ಮುಂದಿನ ಕಾರ್ಯಕ್ರಮ ಶುರುವಾದರೂ ಅವನು ಏಳಲಿಲ್ಲ. ಆಮೇಲೆ ರಿಜಿಸ್ಟರ್ ತೆಗೆದುಕೊಂಡು ನೇರವಾಗಿ ಮಲ್ಲಿಕಮ್ಮನ ಮನೆಗೆ ಹೋದ.

“ಅಕ್ಕೋರ, ಅಂಕಿ ನಾನಾ ಬದಲಾಯಿಸಿದ್ದೆ.”

“ಗೊತ್ತೈತ್ರಿ. ಅಚ್ಚಾದ ದಿನಾನ ನೋಡೀನಿ.”

“ಮತ್ತ ಯಾಕ ಅನ್ಲಿಲ್ರಿ?”

“ಏನಂತ ಅನ್ನಲಿ? ನೋಡದ ಕಳಿಸಿದಾಕಿ ನಾನು.” ಆಕೆಯ ದನಿ ಗಟ್ಟಿಯಾಗಿತ್ತು. “ನಿಮಗ ಹೊಟ್ಟಿಕಿಚ್ಚಿತ್ತು ಅನ್ನೋದೂ ಗೊತ್ತಿತ್ತು.”

ಅವನು ತಲೆ ತಗ್ಗಿಸಿ ರಿಜಿಸ್ಟರ್ ಮುಂದಿಟ್ಟ. ಆಕೆ ತಿರುವಿ ನೋಡಿದಳು. ಕ್ರಿಕೆಟ್ಟಿಗಾಗಿ ಪ್ರಸಾರ ತಪ್ಪಿದ ಭಾನುವಾರ ಅಲ್ಲಿ ದಾಖಲಾಗಿತ್ತು. ಆಕೆಯ ನೋಟ್‌ಬುಕ್ಕಿನಲ್ಲಿ ಅದು ಇರಲಿಲ್ಲ. ಅವತ್ತಿನಿಂದ ಮುಂದೆ ಆಕೆ ಬರೆದ ತಾರೀಕುಗಳೆಲ್ಲ ಒಂದು ವಾರ ಹಿಂದಾಗಿದ್ದವು. “ತಾರೀಕು ನಿಮ್ಮವು ಖರೆ ಅದಾವ,” ಎಂದಳು.

ತಿದ್ದಿದ ಕೈಪಿಡಿಯನ್ನು ಇಬ್ಬರೂ ಕೂಡಿ ಕಳಿಸಿದರು, ತಪ್ಪು ತನ್ನದೆಂಬ ಯಂಕಣ್ಣನ ಪತ್ರದೊಂದಿಗೆ. ಮುಂದೆ, ಮೊದಲ ಸರಣಿಗೆಂದು ತಯಾರಾದ ಒಂದು ಕಂತು ಆಗ ಪ್ರಸಾರವಾಗದೆ ಎರಡನೆಯ ಸರಣಿಯ ಮೊದಲ ವಾರ ಬಂದಾಗ, ಪ್ರಸಾರದ ಲೆಕ್ಕಕ್ಕೆ ಅದನ್ನು ಎರಡನೆಯ ಸರಣಿಗೆ ಸೇರಿಸಿ, ತಯಾರಿಕೆ ಕಾಲಂನಲ್ಲಿ 113 ಎಂದೇ ಉಳಿಸಿದವನು ಯಂಕಣ್ಣನೇ. ಅದರ ಮರುವಾರದ್ದು 201.

ಪತ್ರಿಕೆಯಲ್ಲಿ ಇಬ್ಬರ ಹೆಸರೂ ಬಂತು. ಮಲ್ಲಿಕಮ್ಮನದು ಮೊದಲು. ಓದುಗರ ಪತ್ರಗಳೂ ಆಕೆಗೇ ಬಂದವು. ಆಕೆ ಓದಿ ಹೇಳುವಾಗಲೆಲ್ಲ ಯಂಕಣ್ಣನ ಎದೆಯಲ್ಲಿ ಚುಳ್ಳೆನ್ನುತ್ತಿತ್ತು. ಅವನು ಅದನ್ನು ನುಂಗಿಕೊಂಡು, “ಇನ್ನೊಂದು ಓದ್ರಿ,” ಎನ್ನುತ್ತಿದ್ದ.